ನಿಮಗಿದು ಗೊತ್ತೇ? ತಾಳೆಯಾಗದ ಲೆಕ್ಕ, ಸಸ್ಪೆನ್ಸ್ ಖಾತೆಯ ಒಳಗುಟ್ಟು

ಲೆಡ್ಜರ್‌ನ ಎಲ್ಲ ಖಾತೆಗಳ ಶಿಲ್ಕನ್ನು ತಾಳೆಪಟ್ಟಿಗೆ ಇಳಿಸಿ ಕೂಡಿದಾಗ ಡೆಬಿಟ್ ಮೊತ್ತವೂ ಕ್ರೆಡಿಟ್ ಮೊತ್ತವೂ ಒಂದೇ ಆಗಿರಬೇಕು. ಆಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಎರಡೂ ಬದಿ ಸಮ ಮಾಡಿ, ಆಮೇಲೆ ಹುಡುಕೋಣ ಎಂದು ಮುಂದೆ ಹೋಗುವುದು ರೂಢಿ. ಆ ಒಂದು ಸಾಲಿನ ಹಿಂದೆ ಏನೇನು ಅಡಗಿರಬಹುದು ಎಂಬುದನ್ನು ಒಂದು ಅಂಗಡಿಯ ಲೆಕ್ಕ ಹಿಡಿದು ನೋಡೋಣ. ಅಂಗಡಿ ಕಲ್ಪನೆಯದು, ತಪ್ಪುಗಳು ಮಾತ್ರ ದಿನನಿತ್ಯ ಆಗುವಂಥವೇ.

● ಸಸ್ಪೆನ್ಸ್ ಮೊತ್ತ ಚಿಕ್ಕದಿದ್ದರೆ ತಪ್ಪೂ ಚಿಕ್ಕದೇ?

ಅಲ್ಲ. ನಮ್ಮ ಹಾರ್ಡ್‌ವೇರ್ ಅಂಗಡಿಯ ಮಾರ್ಚ್ 31ರ ತಾಳೆಪಟ್ಟಿಯಲ್ಲಿ ಡೆಬಿಟ್ 8,46,310 ರೂಪಾಯಿ, ಕ್ರೆಡಿಟ್ 8,47,120 ರೂಪಾಯಿ. ವ್ಯತ್ಯಾಸ ಬರೀ 810. ಎಂಟು ಲಕ್ಷದ ಲೆಕ್ಕದಲ್ಲಿ ಎಂಟುನೂರು ಯಾವ ಮಹಾ ಎನಿಸುವುದು ಸಹಜ. ಆದರೆ 810 ಎಂಬುದು ಎಲ್ಲ ತಪ್ಪುಗಳೂ ಒಂದನ್ನೊಂದು ಕಳೆದು ಉಳಿದ ಶೇಷ ಅಷ್ಟೆ. ಈ ಅಂಗಡಿಯ ಪುಸ್ತಕದಲ್ಲಿ ನಿಜವಾಗಿ ಇದ್ದದ್ದು ಮೂರು ತಪ್ಪು. ಮೂರೂ ಸೇರಿ ತಾಳೆಯನ್ನು ಕೆಡಿಸಿದ್ದು 6,210 ರೂಪಾಯಿಯಷ್ಟು.

● ಸಸ್ಪೆನ್ಸ್ ಖಾತೆ ಯಾವ ಬದಿಗೆ ಬಂತು ಎಂಬುದೇ ಮೊದಲ ಸುಳಿವು

ಇಲ್ಲಿ ಡೆಬಿಟ್ ಕಡಿಮೆ ಇದ್ದುದರಿಂದ 810 ರೂಪಾಯಿಯನ್ನು ಸಸ್ಪೆನ್ಸ್ ಖಾತೆಯ ಡೆಬಿಟ್‌ಗೆ ಹಾಕಲಾಯಿತು. ಇದಕ್ಕೆ ಎರಡೇ ಅರ್ಥ: ಎಲ್ಲೋ ಡೆಬಿಟ್ ಬಿಟ್ಟುಹೋಗಿದೆ ಅಥವಾ ಕಡಿಮೆ ಬಿದ್ದಿದೆ, ಇಲ್ಲವೇ ಎಲ್ಲೋ ಕ್ರೆಡಿಟ್ ಹೆಚ್ಚು ಬಿದ್ದಿದೆ. ತಪ್ಪು ಒಂದೇ ಇದ್ದರೆ ಹುಡುಕಾಟದ ದಾರಿ ಅರ್ಧಕ್ಕರ್ಧ ಕಡಿಮೆಯಾಯಿತು. ಹಲವು ಇದ್ದರೆ ಈ ಸುಳಿವನ್ನು ಪೂರ್ತಿ ನಂಬುವಂತಿಲ್ಲ.

● ಎಷ್ಟೋ ಸಲ ತಪ್ಪು ಲೆಡ್ಜರ್‌ನಲ್ಲಿ ಇರುವುದೇ ಇಲ್ಲ

ತಾಳೆಪಟ್ಟಿಯಲ್ಲೇ ಇರುತ್ತದೆ. ಆದ್ದರಿಂದ ಪುಸ್ತಕ ಕೆದಕುವ ಮೊದಲು ಪಟ್ಟಿಯನ್ನೇ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿ ನೋಡಬೇಕು. ಪಟ್ಟಿಯಲ್ಲಿ ಬಿಟ್ಟುಹೋಗುವ ಸಾಲುಗಳೆಂದರೆ ನಗದು ಮತ್ತು ಬ್ಯಾಂಕ್ ಶಿಲ್ಕು. ಅವು ಲೆಡ್ಜರ್‌ನಲ್ಲಿ ಇರದೆ ನಗದು ಪುಸ್ತಕದಲ್ಲಿ ಇರುವುದರಿಂದ ಕಣ್ಣು ತಪ್ಪುತ್ತವೆ. ಬದಿ ತಪ್ಪುವುದು ಹೆಚ್ಚಾಗಿ ಮಾರಾಟ ವಾಪಸು, ಖರೀದಿ ವಾಪಸು, ಕೊಟ್ಟ ಡಿಸ್ಕೌಂಟ್, ಪಡೆದ ಡಿಸ್ಕೌಂಟ್‌ಗಳಲ್ಲಿ. ಹೋದ ವರ್ಷದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವ ಖಾತೆ ಕಾಣೆಯಾಗಿದೆ, ಯಾವುದು ಬದಿ ಬದಲಿಸಿದೆ ಎಂಬುದು ಬೇಗ ಕಾಣುತ್ತದೆ.

● ವ್ಯತ್ಯಾಸವನ್ನು ಎರಡರಿಂದ ಭಾಗಿಸುವುದೇಕೆ?

ಡೆಬಿಟ್‌ಗೆ ಹೋಗಬೇಕಾದ ಮೊತ್ತ ಕ್ರೆಡಿಟ್‌ಗೆ ಬಿದ್ದರೆ ಒಂದು ಬದಿ ಅಷ್ಟು ಕಡಿಮೆಯಾಗುತ್ತದೆ, ಇನ್ನೊಂದು ಬದಿ ಅಷ್ಟೇ ಹೆಚ್ಚಾಗುತ್ತದೆ. ಹೀಗಾಗಿ ವ್ಯತ್ಯಾಸ ಮೂಲ ಮೊತ್ತದ ಎರಡು ಪಟ್ಟು. ಸರಕು ಕೊಟ್ಟವರಿಗೆ ಪಾವತಿ ಮಾಡಿದ 1,255 ರೂಪಾಯಿಯನ್ನು ಅವರ ಖಾತೆಯ ಡೆಬಿಟ್‌ಗೆ ಹಾಕುವ ಬದಲು ಕ್ರೆಡಿಟ್‌ಗೆ ಹಾಕಿದರೆ 2,510 ರೂಪಾಯಿ ವ್ಯತ್ಯಾಸ ಬರುತ್ತದೆ. ಅದರ ಅರ್ಧವನ್ನು ವೋಚರ್‌ಗಳಲ್ಲಿ ಹುಡುಕಿದರೆ ಸಾಕು.

● ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲು

54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9. ಅಕ್ಕಪಕ್ಕದ ಯಾವ ಎರಡು ಅಂಕಿ ಸ್ಥಾನ ಬದಲಿಸಿದರೂ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಭಾಗಲಬ್ಧ ಇನ್ನೂ ಒಂದು ಗುಟ್ಟು ಹೇಳುತ್ತದೆ. ವ್ಯತ್ಯಾಸ 2,700 ಎಂದಿಟ್ಟುಕೊಳ್ಳಿ. ಒಂಬತ್ತರಿಂದ ಭಾಗಿಸಿದರೆ 300. ಅಂದರೆ ಸಾವಿರ ಮತ್ತು ನೂರರ ಸ್ಥಾನದ ಅಂಕಿಗಳು ಅದಲುಬದಲಾಗಿರಬಹುದು, ಅವೆರಡರ ನಡುವೆ ಮೂರರ ಅಂತರವಿರಬೇಕು. 3,640 ಎಂಬುದು 6,340 ಆಗಿದ್ದರೆ ಸರಿಯಾಗಿ ಹೀಗೇ ಆಗುತ್ತದೆ.

ಸೊನ್ನೆ ಜಾರಿದರೂ ಇದೇ ಪರೀಕ್ಷೆ ಕೆಲಸಕ್ಕೆ ಬರುತ್ತದೆ. 4,500 ಬದಲು 450 ಬರೆದರೆ ವ್ಯತ್ಯಾಸ 4,050. ಒಂಬತ್ತರಿಂದ ಭಾಗಿಸಿದರೆ ತಪ್ಪಾಗಿ ಬರೆದ 450 ತಾನೇ ಹೊರಬರುತ್ತದೆ.

● ವ್ಯತ್ಯಾಸ 10, 100, 1,000 ಆಗಿದ್ದರೆ?

ಮೊದಲ ಅನುಮಾನ ಕೂಡಿಕೆಯ ಮೇಲೆ. ದಶಕ ಹಿಡಿಯುವುದು ತಪ್ಪಿರಬಹುದು, ಅಥವಾ ಪುಟದ ಕೆಳಗಿನ ಮೊತ್ತ ಮುಂದಿನ ಪುಟದ ತಲೆಗೆ ಹೋಗುವಾಗ ಒಂದು ಅಂಕಿ ಬದಲಾಗಿರಬಹುದು. ಆಗ ಮಾರಾಟ ಪುಸ್ತಕ, ಖರೀದಿ ಪುಸ್ತಕಗಳ ಪುಟಮೊತ್ತಗಳನ್ನು ಮರುಕೂಡಿ, ಪುಟದಿಂದ ಪುಟಕ್ಕೆ ಒಯ್ದ ಅಂಕಿಯನ್ನು ಹೋಲಿಸಬೇಕು.

● ಈ ಸೂತ್ರಗಳು ದಾರಿ ತಪ್ಪಿಸುವುದೂ ಉಂಟು

ನಮ್ಮ 810 ಒಂಬತ್ತರಿಂದ ಭಾಗವಾಗುತ್ತದೆ, 90 ಬರುತ್ತದೆ. ಎರಡರಿಂದಲೂ ಭಾಗವಾಗುತ್ತದೆ, 405 ಬರುತ್ತದೆ. ಆದರೆ ಒಂಬತ್ತರ ಸುಳಿವಿನಂತೆ ಅದಲುಬದಲಾದ ಅಂಕಿಯೂ ಸಿಗಲಿಲ್ಲ, 405ರ ವೋಚರ್ ಕೂಡ ಬದಿ ತಪ್ಪಿರಲಿಲ್ಲ. ಯಾವುದೇ ಪೂರ್ಣಸಂಖ್ಯೆ ತೆಗೆದುಕೊಂಡರೂ ಅದು ಒಂಬತ್ತರಿಂದ ಭಾಗವಾಗುವ ಸಾಧ್ಯತೆ ಒಂಬತ್ತರಲ್ಲಿ ಒಂದು ಇದ್ದೇ ಇದೆ, ಎರಡರಿಂದಾದರೆ ಎರಡರಲ್ಲಿ ಒಂದು. ಆದ್ದರಿಂದ ಇವು ಸುಳಿವೇ ಹೊರತು ಪುರಾವೆಯಲ್ಲ. ಸೂತ್ರ ತೋರಿಸಿದ ಕಡೆ ಏನೂ ಸಿಗದಿದ್ದರೆ ತಪ್ಪು ಒಂದಕ್ಕಿಂತ ಹೆಚ್ಚಿದೆ ಎಂದು ತಿಳಿದು, ಒಟ್ಟು ವ್ಯತ್ಯಾಸವನ್ನು ಬಿಟ್ಟು ಒಂದೊಂದು ಖಾತೆಯನ್ನೇ ಹಿಡಿಯಬೇಕು.

● ಹಾಗಾದರೆ ಮೂರು ತಪ್ಪು ಸಿಕ್ಕಿದ್ದು ಹೇಗೆ?

ಮೊದಲನೆಯದು ಬಾಡಿಗೆ ಖಾತೆಯಲ್ಲಿ. ತಿಂಗಳಿಗೆ 3,640ರಂತೆ ವರ್ಷಕ್ಕೆ 43,680 ಆಗಬೇಕಿತ್ತು, ಖಾತೆಯಲ್ಲಿ 46,380 ಇತ್ತು. ಹನ್ನೆರಡು ಸಾಲಿನಲ್ಲಿ ಒಂದು ಸಾಲು ಮಾತ್ರ 6,340 ಎಂದಿತ್ತು. ನಗದು ಪುಸ್ತಕದಲ್ಲಿ ಸರಿಯಾಗಿಯೇ ಇದ್ದ ಅಂಕಿ ಲೆಡ್ಜರ್‌ಗೆ ಏರಿಸುವಾಗ ತಿರುಗಿಬಿದ್ದಿತ್ತು. ಡೆಬಿಟ್ 2,700 ಹೆಚ್ಚು.

ಎರಡನೆಯದು ಸರಕು ಕೊಟ್ಟವರ ಖಾತೆಯಲ್ಲಿ. ಅವರು ಕಳಿಸಿದ ಲೆಕ್ಕಕ್ಕೂ ನಮ್ಮ ಖಾತೆಗೂ 2,510 ರೂಪಾಯಿ ಅಂತರವಿತ್ತು. ಅರ್ಧ ಮಾಡಿದರೆ 1,255, ಅದೇ ಮೊತ್ತದ ಪಾವತಿ ಕ್ರೆಡಿಟ್ ಬದಿಯಲ್ಲಿ ಕುಳಿತಿತ್ತು. ಕ್ರೆಡಿಟ್ 2,510 ಹೆಚ್ಚಾದಂತಾಯಿತು.

ಮೂರನೆಯದು ಮಾರಾಟ ಪುಸ್ತಕದ ಒಟ್ಟು. ಮರುಕೂಡಿದಾಗ ಮೊದಲು ಬರೆದ ಒಟ್ಟು 1,000 ಹೆಚ್ಚಿತ್ತೆಂದು ಗೊತ್ತಾಯಿತು. ಗಿರಾಕಿಗಳ ಖಾತೆಗೆ ಒಂದೊಂದು ಬಿಲ್ಲೂ ಸರಿಯಾಗಿಯೇ ಹೋಗಿತ್ತು, ಮಾರಾಟ ಖಾತೆಗೆ ಮಾತ್ರ ತಪ್ಪು ಒಟ್ಟು ಹೋಗಿತ್ತು. ಕ್ರೆಡಿಟ್ 1,000 ಹೆಚ್ಚು.

ಕ್ರೆಡಿಟ್ ಬದಿಯ 2,510 ಮತ್ತು 1,000 ಕೂಡಿ 3,510. ಅದರಲ್ಲಿ ಡೆಬಿಟ್ ಬದಿಯ 2,700 ಕಳೆದರೆ ಉಳಿಯುವುದು 810.

● ತಿದ್ದುಪಡಿ ಸರಿಯಾಯಿತೆಂದು ಸಸ್ಪೆನ್ಸ್ ಖಾತೆಯೇ ಹೇಳುತ್ತದೆ

ಮೂರೂ ನಮೂದಿನ ಒಂದು ಬದಿ ಮಾತ್ರ ಕೆಟ್ಟ ತಪ್ಪುಗಳು. ಆದ್ದರಿಂದ ತಿದ್ದುವ ನಮೂದಿನಲ್ಲಿ ಒಂದು ಕಡೆ ತಪ್ಪಾದ ಖಾತೆ, ಇನ್ನೊಂದು ಕಡೆ ಸಸ್ಪೆನ್ಸ್ ಖಾತೆ ಬರುತ್ತದೆ. ಮಾರಾಟ ಖಾತೆಗೆ 1,000 ಡೆಬಿಟ್, ಸಸ್ಪೆನ್ಸ್‌ಗೆ ಕ್ರೆಡಿಟ್. ಸರಕು ಕೊಟ್ಟವರ ಖಾತೆಗೆ 2,510 ಡೆಬಿಟ್, ಸಸ್ಪೆನ್ಸ್‌ಗೆ ಕ್ರೆಡಿಟ್. ಸಸ್ಪೆನ್ಸ್‌ಗೆ 2,700 ಡೆಬಿಟ್, ಬಾಡಿಗೆಗೆ ಕ್ರೆಡಿಟ್. ಈಗ ಸಸ್ಪೆನ್ಸ್ ಖಾತೆಯ ಡೆಬಿಟ್‌ನಲ್ಲಿ ಮೊದಲಿನ 810 ಮತ್ತು 2,700 ಸೇರಿ 3,510. ಕ್ರೆಡಿಟ್‌ನಲ್ಲೂ 3,510. ಖಾತೆ ಮುಚ್ಚಿತು.

● 810 ರೂಪಾಯಿಯನ್ನು ಖರ್ಚೆಂದು ಬರೆದುಹಾಕಿದ್ದರೆ?

ಲಾಭ 810 ಕಡಿಮೆ ಕಾಣುತ್ತಿತ್ತು. ನಿಜಸ್ಥಿತಿ ಬೇರೆಯೇ ಇತ್ತು. ಮಾರಾಟ 1,000 ಇಳಿಯಬೇಕು, ಬಾಡಿಗೆ 2,700 ಇಳಿಯಬೇಕು, ಅಂದರೆ ಲಾಭ 1,700 ಏರಬೇಕು. ಬರೆದುಹಾಕಿದ್ದರೆ ಲಾಭದ ಅಂಕಿಯಲ್ಲಿ ಒಟ್ಟು 2,510 ರೂಪಾಯಿ ತಪ್ಪಾಗುತ್ತಿತ್ತು. ಸರಕು ಕೊಟ್ಟವರಿಗೂ ಇರುವುದಕ್ಕಿಂತ 2,510 ಹೆಚ್ಚು ಬಾಕಿ ಇದೆ ಎಂದು ಪುಸ್ತಕ ಹೇಳುತ್ತಿತ್ತು. ಖಾತೆ ನೋಡಿ ಚೆಕ್ ಬರೆಯುವವರಾದರೆ ಅಷ್ಟು ಹಣ ಹೆಚ್ಚಾಗಿ ಹೋಗಿಯೇಬಿಡುತ್ತಿತ್ತು.

● ಸಸ್ಪೆನ್ಸ್ ಸೊನ್ನೆಯಾದರೂ ಪುಸ್ತಕ ಸರಿ ಎಂದಲ್ಲ

ಅಂಗಡಿಗೆ ಕೊಂಡ 18,000 ರೂಪಾಯಿಯ ಕಂಪ್ಯೂಟರ್ ರಿಪೇರಿ ಖಾತೆಗೆ ಹೋಗಿದ್ದರೆ ಡೆಬಿಟ್‌ಗೆ ಡೆಬಿಟ್ಟೇ ಬಿದ್ದಿದೆ, ತಾಳೆ ಕೆಡುವುದಿಲ್ಲ. ಬಿಲ್ಲನ್ನೇ ಬರೆಯದೆ ಬಿಟ್ಟರೂ, ಒಬ್ಬ ಗಿರಾಕಿಯ ಹಣ ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಹೋದರೂ, ಬಿಲ್ಲಿನ ಮೊತ್ತವನ್ನೇ ಮೊದಲಿಗೆ ತಪ್ಪಾಗಿ ಬರೆದುಕೊಂಡರೂ ಹೀಗೆಯೇ. ಇವನ್ನು ತಿದ್ದುವಾಗ ಸಸ್ಪೆನ್ಸ್ ಖಾತೆಯನ್ನು ಮುಟ್ಟಬಾರದು. ಮುಟ್ಟಿದರೆ ಇಲ್ಲದ ವ್ಯತ್ಯಾಸವನ್ನು ನಾವೇ ಹುಟ್ಟಿಸಿದಂತೆ.

● ಕಂಪ್ಯೂಟರ್ ಬಂದ ಮೇಲೂ ವ್ಯತ್ಯಾಸವೇ?

ಎರಡೂ ಬದಿ ಹೊಂದದ ವೋಚರನ್ನು ಟ್ಯಾಲಿ ಉಳಿಸಿಕೊಳ್ಳುವುದಿಲ್ಲ. ಬೆಂಗಳೂರಿನ ಕಂಪನಿಯ ಈ ತಂತ್ರಾಂಶದಲ್ಲೂ ಒಂದು ಕಿಂಡಿ ಉಂಟು, ಅದು ಆರಂಭಿಕ ಶಿಲ್ಕು. ಹಳೆಯ ಪುಸ್ತಕದ ಶಿಲ್ಕುಗಳನ್ನು ಖಾತೆಗೊಂದರಂತೆ ತುಂಬುವಾಗ ಒಂದು ಬಿಟ್ಟುಹೋದರೆ ಅಥವಾ ಬದಿ ತಪ್ಪಿದರೆ ಪರದೆಯ ಮೇಲೆ `Difference in opening balances` ಎಂಬ ಸಾಲು ಬರುತ್ತದೆ. ಅದು ಕಂಡರೆ ಈ ವರ್ಷದ ವೋಚರ್ ತಡಕುವುದು ವ್ಯರ್ಥ. ಹೋದ ವರ್ಷದ ಅಂತಿಮ ಶಿಲ್ಕುಗಳನ್ನು ಸಾಲುಸಾಲಾಗಿ ಹೋಲಿಸಬೇಕು.

● ಸರ್ಕಾರಕ್ಕೂ ಸಸ್ಪೆನ್ಸ್ ಖಾತೆ ಇದೆ

ಸರ್ಕಾರಿ ಲೆಕ್ಕಪತ್ರದಲ್ಲಿ ಅದರ ಲೆಕ್ಕಶೀರ್ಷಿಕೆ 8658. ಆದರೆ ಅದು ತಾಳೆಯಾಗದ ವ್ಯತ್ಯಾಸದ ಜಾಗವಲ್ಲ. ಹಣ ಬಂದಿದೆ ಅಥವಾ ಹೋಗಿದೆ, ಕೊನೆಗೆ ಯಾವ ಶೀರ್ಷಿಕೆಗೆ ಸೇರಬೇಕೆಂದು ಇನ್ನೂ ಗೊತ್ತಾಗಿಲ್ಲ ಎಂಬ ಮೊತ್ತಗಳು ಅಲ್ಲಿ ತಂಗುತ್ತವೆ. ಹೆಸರು ಒಂದೇ, ಕೆಲಸ ಬೇರೆ.

● ಈ ತಾಳೆ ನೋಡುವ ಪದ್ಧತಿಗೆ ಐನೂರು ವರ್ಷ ದಾಟಿದೆ

1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಲೂಕಾ ಪಾಚೊಲಿ ವ್ಯಾಪಾರಿಗಳ ಜೋಡಿ ನಮೂದು ಪದ್ಧತಿಯನ್ನು ವಿವರಿಸಿದ. ಲೆಡ್ಜರ್‌ನ ಡೆಬಿಟ್‌ಗಳನ್ನೆಲ್ಲ ಒಂದೆಡೆ, ಕ್ರೆಡಿಟ್‌ಗಳನ್ನೆಲ್ಲ ಇನ್ನೊಂದೆಡೆ ಕೂಡಿ, ಎರಡೂ ಸಮ ಬರದಿದ್ದರೆ ಪುಸ್ತಕದಲ್ಲಿ ತಪ್ಪಿದೆ, ಹುಡುಕಬೇಕು ಎಂಬುದು ಅಲ್ಲಿನ ಪಾಠ.

● ಕೊನೆಯದಾಗಿ, ಹುಡುಕಾಟವನ್ನು ಹಗುರ ಮಾಡುವ ದಾರಿ

ತಾಳೆಪಟ್ಟಿಯನ್ನು ವರ್ಷಕ್ಕೊಮ್ಮೆ ಬಿಟ್ಟು ತಿಂಗಳಿಗೊಮ್ಮೆ ತೆಗೆಯಿರಿ. ಫೆಬ್ರುವರಿ ಕೊನೆಗೆ ತಾಳೆಯಾಗಿ ಮಾರ್ಚ್ ಕೊನೆಗೆ ಆಗದಿದ್ದರೆ ಹೊಸ ವ್ಯತ್ಯಾಸ ಹುಟ್ಟಿದ್ದು ಆ ಒಂದು ತಿಂಗಳಲ್ಲಿ. ಹನ್ನೆರಡು ತಿಂಗಳ ವೋಚರ್ ಬದಲು ಒಂದು ತಿಂಗಳದ್ದನ್ನು ನೋಡಿದರೆ ಆಯಿತು. ಸಸ್ಪೆನ್ಸ್ ಖಾತೆಯಲ್ಲಿ ಹತ್ತು ರೂಪಾಯಿ ಉಳಿದಿದ್ದರೂ ಹುಡುಕದೆ ಬರೆದುಹಾಕಬೇಡಿ.