ಕೈಕೊಟ್ಟ ಟ್ರಿಮ್ಮರ್, ಅಂಗಡಿಗೊಂದು ಪತ್ರ

ವಾರದ ಹಿಂದೆ ಕೊಂಡ ಟ್ರಿಮ್ಮರ್ ಕೆಟ್ಟರೆ ಬದಲಿ ಕೇಳಿ ಅಂಗಡಿಗೆ ಬರೆಯುವ ಪತ್ರ ಅರ್ಧ ಪುಟ ಮೀರಬೇಕಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ತಾಲ್ಲೂಕು ಊರುಗಳಲ್ಲಿ ಇಂಥ ಪತ್ರ ಬರೆಯುವವರು ಕಡಿಮೆ. ಗಿರಾಕಿ ಡಬ್ಬಿ ಹಿಡಿದು ಅಂಗಡಿಗೆ ಹೋಗುತ್ತಾನೆ. ಪರಿಚಯದ ಮಾಲೀಕ "ಕಂಪನಿ ಸರ್ವಿಸ್ ಸೆಂಟರಿಗೆ ಒಯ್ಯ್ರಿ" ಅನ್ನುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದೆ ತಕರಾರು ಬೆಳೆದರೆ, ಯಾವ ದಿನ ಏನು ಕೇಳಲಾಯಿತು ಎಂಬುದಕ್ಕೆ ಪುರಾವೆ ಇರುವುದಿಲ್ಲ. ಪತ್ರ ಬೇಕಾಗುವುದು ಅದಕ್ಕೇ.

ಬರೆಯುವ ಮೊದಲು ದೋಷ ನಿಜವಾಗಿಯೂ ಯಂತ್ರದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಕೂದಲು ಕತ್ತರಿಸದೆ ಎಳೆಯುವ ಟ್ರಿಮ್ಮರಿನ ಬ್ಲೇಡಿನಲ್ಲಿ ಕೂದಲ ಚೂರು ಸಿಕ್ಕಿರಬಹುದು, ಇಲ್ಲವೇ ಎಣ್ಣೆ ಆರಿರಬಹುದು. ಬ್ರಷ್‌ನಿಂದ ಕೊಡವಿ, ಎಣ್ಣೆ ಹಾಕಬೇಕೆಂದು ಕೈಪಿಡಿಯಲ್ಲಿದ್ದರೆ ಒಂದು ಹನಿ ಹಾಕಿದಾಗ ಸರಿಹೋದರೆ ಅದು ದೋಷವಲ್ಲ. ಕೆಲವು ಮಾದರಿಗಳಲ್ಲಿ ಪ್ರಯಾಣದ ಲಾಕ್ ಇರುತ್ತದೆ. ಅದು ಬಿದ್ದಿದ್ದರೆ ಗುಂಡಿ ಒತ್ತಿದರೂ ಯಂತ್ರ ಸುಮ್ಮನಿರುತ್ತದೆ. ಚಾರ್ಜ್ ಆಗದಿದ್ದರೆ ಬೇರೆ ಸಾಕೆಟ್ಟಿಗೆ ಹಾಕಿ ನೋಡಬೇಕು. ಯುಎಸ್‌ಬಿ ತಂತಿಯದಾದರೆ ಕೈಪಿಡಿ ಹೇಳಿದಷ್ಟೇ ಶಕ್ತಿಯ ಅಡಾಪ್ಟರು ಬಳಸಬೇಕು. ಮೊಬೈಲಿನ ಫಾಸ್ಟ್ ಚಾರ್ಜರ್ ಹಾಕಿದ್ದೀರಿ, ಅದಕ್ಕೇ ಕೆಟ್ಟಿದೆ ಎಂಬ ವಾದಕ್ಕೆ ಆಗ ಜಾಗ ಇರುವುದಿಲ್ಲ.

ಒಂದು ಉದಾಹರಣೆ. ಡಬ್ಬಿಯ ಮೇಲೆ "8 ಗಂಟೆ ಚಾರ್ಜ್, 45 ನಿಮಿಷ ಬಳಕೆ" ಎಂದಿದೆ. ಪೂರ್ತಿ ಚಾರ್ಜ್ ಮಾಡಿದರೂ ಯಂತ್ರ ಆರು ನಿಮಿಷಕ್ಕೆ ನಿಲ್ಲುತ್ತದೆ, ಎರಡನೆಯ ಸಲವೂ ಹಾಗೇ. "ಟ್ರಿಮ್ಮರ್ ಸರಿಯಿಲ್ಲ" ಎಂದಷ್ಟೇ ಬರೆದರೆ ಮಾಲೀಕ ಅಂಗಡಿಯಲ್ಲೇ ಗುಂಡಿ ಒತ್ತಿ, ಗುಂಯ್‌ಗುಟ್ಟುವುದನ್ನು ತೋರಿಸಿ, "ಚೊಲೋ ಐತಲ್ರಿ" ಎಂದು ಕೈಗಿಡಬಹುದು. ನಿಮಿಷದ ಲೆಕ್ಕ ಬರೆದಿದ್ದರೆ ಅದನ್ನು ಅವನ ಮುಂದೆಯೇ ಗಡಿಯಾರ ನೋಡಿ ಪರೀಕ್ಷಿಸಬಹುದು. ಪತ್ರದ ಜೀವ ಇರುವುದು ಈ ಒಂದು ಸಾಲಿನಲ್ಲಿ. ಪತ್ರ ಹೀಗಿರಬಹುದು:

"ಮಾನ್ಯರೇ, ಈ ತಿಂಗಳ 4ರಂದು ತಮ್ಮ ಅಂಗಡಿಯಲ್ಲಿ 1,299 ರೂಪಾಯಿ ಕೊಟ್ಟು ಟ್ರಿಮ್ಮರ್ ಕೊಂಡಿದ್ದೇನೆ. ಬಿಲ್ಲಿನ ನಕಲು ಲಗತ್ತಿಸಿದ್ದು, ಮಾದರಿ ಮತ್ತು ಸೀರಿಯಲ್ ಸಂಖ್ಯೆ ಅದರ ಹಿಂಬದಿಯಲ್ಲಿವೆ. ಕೈಪಿಡಿಯಂತೆ ಎರಡು ಸಲ 8 ಗಂಟೆ ಚಾರ್ಜ್ ಮಾಡಿದರೂ ಯಂತ್ರ ಆರು ನಿಮಿಷಕ್ಕಿಂತ ಹೆಚ್ಚು ಓಡುತ್ತಿಲ್ಲ. ಕೆಳಗೆ ಬಿದ್ದಿಲ್ಲ, ಬಿಚ್ಚಿಸಿಲ್ಲ. ಬ್ಲೇಡು ಶುಚಿಮಾಡಿ, ಡಬ್ಬಿ, ತಂತಿ, ಬಾಚಣಿಗೆಗಳ ಸಮೇತ ತಂದಿದ್ದೇನೆ. ದಯಮಾಡಿ ಅದೇ ಮಾದರಿಯ ಬೇರೆ ಯಂತ್ರ ಕೊಡಿ. ಇಲ್ಲದಿದ್ದರೆ ಹಣ ಹಿಂತಿರುಗಿಸಿ. ಏಳು ದಿನದೊಳಗೆ ಉತ್ತರ ತಿಳಿಸಬೇಕೆಂದು ಕೋರುತ್ತೇನೆ."

ಪತ್ರಕ್ಕೆ ಎರಡು ಪ್ರತಿ ಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಅಂಗಡಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಬೇಕು. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಂಡರೆ ಸಾಕು. ಕಾನೂನಿನ ಬೆದರಿಕೆಯನ್ನು ಮೊದಲ ಪತ್ರದಲ್ಲೇ ತುರುಕುವುದು ಜಾಣತನವಲ್ಲ. ನಾಳೆಯೂ ಅದೇ ಬಜಾರಿನಲ್ಲಿ ಮುಖ ನೋಡಬೇಕಾದವರಿಬ್ಬರೂ.

ಅಂಗಡಿಯಿಂದ ಸಾಮಾನ್ಯವಾಗಿ ಬರುವ ಆಕ್ಷೇಪಣೆ ಮೂರು ಬಗೆ. ಬಳಸಿದ ಟ್ರಿಮ್ಮರನ್ನು ಶುಚಿತ್ವದ ದೃಷ್ಟಿಯಿಂದ ವಾಪಸ್ ಪಡೆಯುವುದಿಲ್ಲ ಎಂಬುದು ಒಂದು. ಬಣ್ಣ ಹಿಡಿಸಲಿಲ್ಲ ಎಂದು ತಂದವರಿಗೆ ಈ ಮಾತು ಸರಿ. ಬ್ಯಾಟರಿ ದೋಷಕ್ಕೆ ಅಲ್ಲ, ಏಕೆಂದರೆ ಬಳಸದೆ ಆ ದೋಷ ಗೊತ್ತಾಗುವಂತಿಲ್ಲ. "ಮಾರಿದ ಮಾಲು ವಾಪಸ್ ಇಲ್ಲ" ಎಂದು ಬಿಲ್ಲಿನಲ್ಲಿ ಅಚ್ಚಾಗಿದೆ ಎಂಬುದು ಇನ್ನೊಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ. ಕಾಯ್ದೆಯ ಮಾತು ಹಣ ವಾಪಸಿನದು. ಬದಲಿ ಯಂತ್ರ ಇಬ್ಬರೂ ಒಪ್ಪಿ ಮಾಡಿಕೊಳ್ಳುವ ಸುಲಭದ ದಾರಿ. ಮೂರನೆಯದು ಸರ್ವಿಸ್ ಸೆಂಟರಿನ ಮಾತು. ವಾರಂಟಿ ಕಂಪನಿ ಕೊಡುವ ಹೆಚ್ಚಿನ ಸೌಲಭ್ಯ. ಅದರಿಂದ ಮಾರಿದವನ ಹೊಣೆ ಕರಗುವುದಿಲ್ಲ. ಗಿರಾಕಿ ತಾನೇ ರಿಪೇರಿಗೆ ಒಪ್ಪಿದರೆ, ಯಂತ್ರ ಒಪ್ಪಿಸಿದ ದಿನದ ಚೀಟಿ ಪಡೆಯಬೇಕು.

ಎಲ್ಲ ಸಲವೂ ಪತ್ರ ನಡೆಯುವುದಿಲ್ಲ. ಕೊಟ್ಟೂರೇಶ್ವರ ರಥೋತ್ಸವದಲ್ಲೋ ಮೈಲಾರ ಜಾತ್ರೆಯಲ್ಲೋ ಬಿಲ್ಲಿಲ್ಲದೆ ಕೊಂಡ ಮಾಲಿಗೆ ಪತ್ರ ಬರೆಯಲು ವಿಳಾಸವೇ ಇರುವುದಿಲ್ಲ; ಜಾತ್ರೆ ಮುಗಿದ ಮೇಲೆ ಮಳಿಗೆಯೂ ಇಲ್ಲ. ಖಾಯಂ ಅಂಗಡಿಯಲ್ಲಿ ಬಿಲ್ಲು ಕಳೆದಿದ್ದರೆ ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ಹಣ ಹೋದ ದಾಖಲೆ ತಕ್ಕಮಟ್ಟಿಗೆ ಸಹಾಯಕ್ಕೆ ಬರುತ್ತದೆ. ಆದರೂ ಅದು ಮೊತ್ತ ತೋರಿಸುತ್ತದೆಯೇ ಹೊರತು ವಸ್ತುವನ್ನಲ್ಲ.

ಏಳು ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಬಹುದು. ಅದಕ್ಕೂ ಮಣಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದ್ದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ಗಿರಾಕಿ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹರಪನಹಳ್ಳಿಯವರು ದಾವಣಗೆರೆಯಲ್ಲಿ ಕೊಂಡ ಮಾಲಿಗೂ ಇದು ಅನ್ವಯಿಸುತ್ತದೆ.