ಮುರಿಯುವ ಸಂಬಂಧಗಳ ಹಿಂದಿನ ಎಳೆ

ಮನೋವೈದ್ಯರು ಒಬ್ಬ ರೋಗಿಯ ವಿಷಯವನ್ನು ಸಹೋದ್ಯೋಗಿಗಳ ಸಭೆಯಲ್ಲಿ ಮಂಡಿಸುವಾಗ ರೋಗದ ಹೆಸರನ್ನಷ್ಟೇ ಹೇಳಿದರೆ ಸಾಲದು. ಈ ವ್ಯಕ್ತಿಗೆ ಈ ತೊಂದರೆ ಏಕೆ ಮರಳಿ ಮರಳಿ ಬರುತ್ತಿದೆ ಎಂಬುದಕ್ಕೆ ಒಂದು ವಿವರಣೆಯನ್ನೂ ಕೊಡಬೇಕಾಗುತ್ತದೆ. ಇದಕ್ಕೆ ಸೈಕೋಡೈನಮಿಕ್ ಫಾರ್ಮುಲೇಷನ್ ಎನ್ನುತ್ತಾರೆ. 1987ರಲ್ಲಿ ಪೆರಿ, ಕೂಪರ್ ಮತ್ತು ಮೈಕೆಲ್ಸ್ ಎಂಬ ಅಮೆರಿಕದ ವೈದ್ಯರು ಇದಕ್ಕೆ ನಾಲ್ಕು ಭಾಗಗಳ ಚೌಕಟ್ಟನ್ನು ಸೂಚಿಸಿದರು: ತೊಂದರೆಯ ಸಾರಾಂಶ, ಮನಸ್ಸಿನಾಚೆಯ ಕಾರಣಗಳು, ಒಳಮನಸ್ಸಿನ ವಿವರಣೆ, ಚಿಕಿತ್ಸೆಯಲ್ಲಿ ಮುಂದೇನಾಗಬಹುದೆಂಬ ಊಹೆ. ಹಲವರ ಅನುಭವಗಳನ್ನು ಕೂಡಿಸಿ ರೂಪಿಸಿದ ಒಂದು ಪ್ರಕರಣದ ಮೂಲಕ ಇದನ್ನು ನೋಡೋಣ.

ಮೂವತ್ತನಾಲ್ಕು ವರ್ಷದ ಶಿಕ್ಷಕಿಯೊಬ್ಬರ ಎರಡು ನಿಶ್ಚಿತಾರ್ಥಗಳು ಮುರಿದಿವೆ. ಒಂದು ಮದುವೆ ಒಂದೂವರೆ ವರ್ಷದಲ್ಲಿ ಕೊನೆಗೊಂಡಿದೆ. ಮನೆಯವರು ಹಣೆಬರಹವೆಂದು ಸುಮ್ಮನಾಗಿದ್ದಾರೆ. ಮೊದಲು ನಾವು ಖಿನ್ನತೆ, ಥೈರಾಯಿಡ್ ತೊಂದರೆ ಮತ್ತು ಸಂಗಾತಿಯ ಹಿಂಸೆ ಇದ್ದವೇ ಎಂದು ವಿಚಾರಿಸುತ್ತೇವೆ. ಎರಡನೆಯ ನಿಶ್ಚಿತಾರ್ಥ ಮುರಿದದ್ದು ವರನ ಕಡೆಯವರು ಹಣ ಕೇಳಿದ್ದರಿಂದ. ಅದನ್ನು ಆಕೆಯ ಮನಸ್ಸಿನ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಉಳಿದ ಎರಡರಲ್ಲಿ ಒಂದೇ ಜಾಡು ಕಾಣುತ್ತದೆ. ಸಂಗಾತಿ ಊರಿಗೆ ಹೋದಾಗ, ಫೋನಿಗೆ ಉತ್ತರಿಸಲು ತಡಮಾಡಿದಾಗ ಆಕೆ ಜಗಳ ತೆಗೆದು ತಾನೇ ಮೊದಲು ಸಂಬಂಧ ಕಡಿದುಕೊಂಡಿದ್ದಾರೆ. ಬಾಲ್ಯವನ್ನು ಕೇಳಿದಾಗ ತಿಳಿದದ್ದಿಷ್ಟು: ನಾಲ್ಕನೆಯ ವಯಸ್ಸಿನಲ್ಲಿ, ತಾಯಿಯ ಕಾಯಿಲೆಯ ಕಾರಣ ಆಕೆ ಎರಡು ವರ್ಷ ಅಜ್ಜಿಯ ಮನೆಯಲ್ಲಿದ್ದರು. ನೋಡಲು ಬಂದ ತಾಯಿ, ಮಗು ಅತ್ತೀತೆಂದು, ಮಲಗಿದ್ದಾಗ ಹೇಳದೆ ಹೊರಟುಬಿಡುತ್ತಿದ್ದರು. ನಮ್ಮ ವಿವರಣೆ ಹೀಗಿದೆ: ಹತ್ತಿರವಾದವರು ಹೇಳದೆ ಹೋಗುತ್ತಾರೆಂಬ ನಿರೀಕ್ಷೆ ಆಕೆಯಲ್ಲಿ ಅರಿವಿಲ್ಲದೆ ಉಳಿದಿದೆ. ಬಿಟ್ಟುಹೋಗಲ್ಪಡುವ ನೋವಿಗಿಂತ ತಾನೇ ಬಿಟ್ಟುಹೋಗುವುದು ಸಹನೀಯ.

ವಿವರಣೆ ಎಷ್ಟೇ ಸೊಗಸಾಗಿದ್ದರೂ ಅದು ಊಹೆಯೇ. ಆದ್ದರಿಂದ ಸಭೆಯಲ್ಲಿ ನಾವು ಮುಂಚಿತವಾಗಿ ಹೇಳಿಡುತ್ತೇವೆ: ಚಿಕಿತ್ಸಕರು ರಜೆಯ ಮೇಲೆ ಹೋಗುವಾಗ ಆಕೆ ಚಿಕಿತ್ಸೆಯನ್ನೇ ನಿಲ್ಲಿಸಲು ನೋಡಬಹುದು. ಅಗಲಿಕೆಯ ಸುಳಿವೇ ಇಲ್ಲದಾಗಲೂ ಆಕೆ ಹೀಗೆಯೇ ನಡೆದರೆ ನಮ್ಮ ಊಹೆಯನ್ನು ಬದಲಿಸಬೇಕಾಗುತ್ತದೆ.

ಎರಡು ವಾರಗಳ ರಜೆಯ ವಿಷಯ ತಿಳಿಸಿದ ಮರುಭೇಟಿಯಲ್ಲಿ ಆಕೆ, "ಈಗ ಗುಣವಾಗಿದೆ, ಇನ್ನು ಬರುವುದಿಲ್ಲ" ಎಂದರು. "ನಾನು ಹೋಗುವ ಮೊದಲೇ ನೀವು ಹೊರಟಿರಬಹುದೇ?" ಎಂದು ಚಿಕಿತ್ಸಕರು ಮೆಲ್ಲನೆ ಕೇಳಿದರು. ಬಹಳ ಹೊತ್ತು ಮೌನವಾಗಿದ್ದ ಆಕೆ, ಅಜ್ಜಿಯ ಮನೆಯಲ್ಲಿ ಎಚ್ಚರವಾದಾಗ ತಾಯಿಯ ಚಪ್ಪಲಿ ಕಾಣದ ಬೆಳಗುಗಳ ಮಾತೆತ್ತಿದರು. ರಜೆ ಮುಗಿದ ಮೇಲೆ ಮರಳಿ ಬಂದರು.

ಒಂದು ಘಟನೆಯಿಂದ ಊಹೆ ಸಿದ್ಧವಾಗುವುದಿಲ್ಲ, ತಾಯಿಯೂ ಅಪರಾಧಿಯಾಗುವುದಿಲ್ಲ. ಆದರೆ ಹೊರಡಬೇಕೆನಿಸಿದ ಗಳಿಗೆಯಲ್ಲಿ "ಇದು ಈಗಿನ ಭಯವೋ, ಆಗಿನದೋ" ಎಂದು ಕೇಳಿಕೊಳ್ಳುವಷ್ಟು ಬಿಡುವು ಆಕೆಗೆ ದೊರೆತಿದೆ. ಚಿಕಿತ್ಸೆ ಅಲ್ಲಿಂದ ಮುಂದುವರಿಯುತ್ತದೆ.