ಪೋಷಕರ ಸಭೆ: ಐದು ನಿಮಿಷದ ಲೆಕ್ಕ

ದಸರಾ ರಜೆ ಮುಗಿದು ಶಾಲೆ ತೆರೆದ ಮೇಲೆ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯ ಬೆನ್ನಿಗೇ ಪೋಷಕರ ಸಭೆಯ ಚೀಟಿ ಮನೆಗೆ ಬರುತ್ತದೆ. ‘ಶನಿವಾರ ಬೆಳಿಗ್ಗೆ 9ಕ್ಕೆ ಎಲ್ಲರೂ ತಪ್ಪದೆ ಬರಬೇಕು’ ಎಂದಷ್ಟೇ ಬರೆದಿದ್ದರೆ ಆಗುವುದು ಇಷ್ಟೇ: ಎಲ್ಲರೂ ಒಟ್ಟಿಗೆ ಬಂದು ಟೀಚರ ಮೇಜನ್ನು ಸುತ್ತುವರಿಯುತ್ತಾರೆ, ಒಂದು ಮಗುವಿನ ಅಂಕ ಉಳಿದವರ ಕಿವಿಗೂ ಬೀಳುತ್ತದೆ. ಮಗ ಪುಸ್ತಕ ಮುಟ್ಟುವುದೇ ಇಲ್ಲ ಎಂದು ಹೇಳಿಕೊಳ್ಳಲು ಬಂದ ತಾಯಿ ಅಷ್ಟು ಜನರೆದುರು ಬಾಯಿ ಬಿಡದೆ, ಸಹಿ ಹಾಕಿ ಹೊರಡುತ್ತಾಳೆ. ಪ್ರತಿ ಮನೆಗೂ ಬೇರೆ ಬೇರೆ ಸಮಯ ಕೊಟ್ಟು ಕರೆದರೆ ಈ ತಾಯಿಗೆ ಮಾತಾಡಲು ಜಾಗ ಸಿಗುತ್ತದೆ. ಆದರೆ ಅದಕ್ಕೆ ಮೊದಲೇ ಕೂತು ಲೆಕ್ಕ ಹಾಕಬೇಕು.

40 ಮಕ್ಕಳಿರುವ 8ನೇ ತರಗತಿಯನ್ನು ತೆಗೆದುಕೊಳ್ಳೋಣ. ಮಗುವಿಗೆ 5 ನಿಮಿಷ ಎಂದರೆ ಒಟ್ಟು 200 ನಿಮಿಷ. ಇದನ್ನು ಎಡೆಬಿಡದೆ ಜೋಡಿಸಿದರೆ, ಒಬ್ಬೊಬ್ಬರ ಮಾತು ಒಂದೇ ನಿಮಿಷ ಹೆಚ್ಚಾದರೂ ಕೊನೆಯವರು 39 ನಿಮಿಷ ಕಾಯಬೇಕಾಗುತ್ತದೆ. ಆದ್ದರಿಂದ ಅರ್ಧ ಗಂಟೆಗೆ 6 ಮಂದಿಯ ಬದಲು 5 ಮಂದಿಯನ್ನು ಕರೆಯುವುದು ಜಾಣತನ. 8:30, 8:35, 8:40, 8:45, 8:50 ಎಂದು ಸಮಯ ಕೊಟ್ಟು, 8:55ರಿಂದ 9ರವರೆಗೆ ಖಾಲಿ ಬಿಡಬೇಕು. ಐವರೂ ಒಂದೊಂದು ನಿಮಿಷ ಹೆಚ್ಚು ತೆಗೆದುಕೊಂಡರೂ 9ಕ್ಕೆ ಬಂದವರು 9ಕ್ಕೇ ಒಳಗೆ ಹೋಗುತ್ತಾರೆ. ಹೀಗೆ 8 ಅರ್ಧ ಗಂಟೆಗಳಲ್ಲಿ 40 ಮನೆಯವರೂ ಮುಗಿಯುತ್ತಾರೆ. ನಡುವೆ 10:30ರಿಂದ 11ರವರೆಗೆ ಟೀಚರ್‌ಗೆ ಬಿಡುವು ಕೊಟ್ಟರೂ ಮಧ್ಯಾಹ್ನ 1ಕ್ಕೆ ಸಭೆ ಮುಗಿಯುತ್ತದೆ.

ಈ ಲೆಕ್ಕ ತರಗತಿ ಶಿಕ್ಷಕರಿಗೆ ಮಾತ್ರ ಹೊಂದುತ್ತದೆ. ನಾಲ್ಕು ಸೆಕ್ಷನ್‌ಗೆ ಗಣಿತ ಹೇಳುವವರಿಗೆ 160 ಮಕ್ಕಳು. ಎಲ್ಲ ಪೋಷಕರನ್ನೂ ಕಾಣಬೇಕೆಂದರೆ 13 ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಆ ವಿಷಯದಲ್ಲಿ ತೀರ ಹಿಂದುಳಿದ ಮಕ್ಕಳ ಪೋಷಕರನ್ನು ಮಾತ್ರ ಅವರು ಕರೆಯಬೇಕು. ಉಳಿದವರ ವಿಷಯವನ್ನು ತರಗತಿ ಶಿಕ್ಷಕರಿಗೆ ಬರೆದುಕೊಟ್ಟರೆ ಸಾಕು.

ಇನ್ನು ಸಮಯ ಹಂಚುವ ಕೆಲಸ. ಅನೇಕ ಶಾಲೆಗಳು ವಾಟ್ಸ್‌ಆ್ಯಪ್ ಗುಂಪಿಗೆ ಗೂಗಲ್ ಫಾರ್ಮ್ ಹಾಕಿ ‘ಬೇಕಾದ ಸಮಯ ಆರಿಸಿಕೊಳ್ಳಿ’ ಎನ್ನುತ್ತವೆ. ಒಬ್ಬರು ಆರಿಸಿದ ಸಮಯವನ್ನು ಆ ಫಾರ್ಮ್ ತಾನಾಗಿ ಮುಚ್ಚುವುದಿಲ್ಲ. 10 ಗಂಟೆಯನ್ನೇ ಏಳೆಂಟು ಜನ ಆರಿಸಿರುತ್ತಾರೆ. ಮೊದಲು ಬಂದವರಿಗೆ ಮೊದಲು ಎಂದರೂ ನ್ಯಾಯವಾಗುವುದಿಲ್ಲ. ಕೆಲಸದ ಹೊತ್ತಿನಲ್ಲಿ ಫೋನ್ ಮುಟ್ಟಲಾಗದ ಗಾರ್ಮೆಂಟ್ಸ್ ಕೆಲಸದ ತಾಯಿ ಸಂಜೆ ನೋಡುವಷ್ಟರಲ್ಲಿ ಅನುಕೂಲದ ಹೊತ್ತೆಲ್ಲ ಮುಗಿದಿರುತ್ತದೆ. ಫಾರ್ಮ್ ಆಗಲಿ, ಡೈರಿಯ ಚೀಟಿಯಾಗಲಿ, ಪೋಷಕರಿಂದ ಮೂರು ಆಯ್ಕೆ ಕೇಳಿ, ಅಂತಿಮ ಸಮಯವನ್ನು ಶಿಕ್ಷಕರೇ ಗೊತ್ತುಮಾಡಿದರೆ ಎರಡೂ ತೊಂದರೆ ತಪ್ಪುತ್ತವೆ. ಚೀಟಿ ಹೀಗಿರಬಹುದು:

‘ಮಾನ್ಯ ಪೋಷಕರೇ, ಶನಿವಾರ 8ನೇ ತರಗತಿ ‘ಬಿ’ ಸೆಕ್ಷನ್‌ನ ಪೋಷಕರ ಸಭೆ, ಕೊಠಡಿ 12ರಲ್ಲಿ. ನಿಮಗೆ ಅನುಕೂಲವಾದ ಮೂರು ಅರ್ಧ ಗಂಟೆಗಳಿಗೆ 1, 2, 3 ಎಂದು ಗುರುತು ಹಾಕಿ, ಸೋಮವಾರದೊಳಗೆ ಕಳಿಸಿ. ಇದೇ ಶಾಲೆಯಲ್ಲಿ ಇನ್ನೊಂದು ಮಗುವಿದ್ದರೆ ತರಗತಿ ಬರೆಯಿರಿ. ನಿಮ್ಮ ಸಮಯವನ್ನು ಬುಧವಾರ ಡೈರಿಯಲ್ಲಿ ತಿಳಿಸುತ್ತೇವೆ. ಅಂದು ಬರಲಾಗದಿದ್ದರೆ, ಫೋನ್ ಮಾಡಬಹುದಾದ ಹೊತ್ತನ್ನು ಬರೆಯಿರಿ.’

ಇನ್ನೊಂದು ಮಗುವಿನ ವಿಚಾರ ಕೇಳುವುದಕ್ಕೆ ಕಾರಣವಿದೆ. ಅಕ್ಕ 8ನೇ ತರಗತಿ, ತಮ್ಮ 5ನೇ ತರಗತಿ ಎಂದಿದ್ದರೆ ಎರಡು ಕೊಠಡಿಗಳಿಂದ ಒಂದೇ ಸಮಯ ಬಂದುಬಿಡಬಹುದು. ಇಬ್ಬರು ಮಕ್ಕಳಿರುವ ಮನೆಗಳಿಗೆ ಶಿಕ್ಷಕರು ಒಟ್ಟಿಗೆ ಕೂತು ಮೊದಲು ಸಮಯ ಹಾಕಬೇಕು. ಅಕ್ಕನಿಗೆ 9:10 ಆದರೆ ತಮ್ಮನಿಗೆ 9:30. ಶನಿವಾರವೂ ಕೆಲಸಕ್ಕೆ ಹೋಗುವವರಿಗೆ ಬೆಳಗಿನ ಮೊದಲ ಅರ್ಧ ಗಂಟೆ ಮೀಸಲಿಟ್ಟು, ಉಳಿದವರನ್ನು ಆಮೇಲೆ ತುಂಬಿಸಬೇಕು.

ಹಿಂದಿನ ದಿನವೇ ಉತ್ತರ ಪತ್ರಿಕೆಗಳನ್ನು ಹಾಜರಿ ಸಂಖ್ಯೆಯ ಬದಲು ಪೋಷಕರು ಬರುವ ಸಮಯದ ಕ್ರಮದಲ್ಲಿ ಜೋಡಿಸಿಟ್ಟರೆ ಹುಡುಕುವ ಹೊತ್ತು ಉಳಿಯುತ್ತದೆ. ಆಗ 5 ನಿಮಿಷದಲ್ಲಿ ಎಷ್ಟೋ ಮಾತಾಡಬಹುದು. ಟೀಚರ್ ಗಣಿತದ ಪತ್ರಿಕೆ ತೆರೆದು ತೋರಿಸುತ್ತಾರೆ: “ನೋಡಿಮ್ಮಾ, ಕೂಡೋದು ಕಳೆಯೋದು ಎಲ್ಲಾ ಸರಿ ಮಾಡಿದ್ದಾನೆ. ವಾಕ್ಯದಲ್ಲಿ ಕೊಟ್ಟ ಲೆಕ್ಕ ಮಾತ್ರ ಮುಟ್ಟೇ ಇಲ್ಲ.” ತಾಯಿ ಹೇಳುತ್ತಾಳೆ: “ಮನೇಲೂ ಜೋರಾಗಿ ಓದು ಅಂದ್ರೆ ಓದೋದಿಲ್ಲ ಮಿಸ್.” ತೊಡಕು ಗಣಿತದಲ್ಲಲ್ಲ, ಓದಿನಲ್ಲಿರಬಹುದೆಂದು ಇಬ್ಬರಿಗೂ ಹೊಳೆಯುತ್ತದೆ. ಇದಕ್ಕಿಂತ ಉದ್ದದ ಮಾತು ಬೇಕಾದರೆ ಅಲ್ಲೇ ಇನ್ನೊಂದು ದಿನ ಗೊತ್ತುಮಾಡಬೇಕು. ಹೊರಗೆ ಕಾದವರ ಸಮಯ ತಿನ್ನಬಾರದು.

ಸಭೆ ಮುಗಿದ ಮೇಲೆ ಪಟ್ಟಿಯಲ್ಲಿ ಸಹಿ ಇಲ್ಲದ ಸಾಲುಗಳನ್ನು ನೋಡಬೇಕು. ಚೀಟಿಯನ್ನೇ ಕಳಿಸದವರು, ಸಮಯ ಪಡೆದೂ ಬಾರದವರು ಎಂದು ಎರಡು ಬಗೆ. ಮೊದಲನೆಯವರಿಗೆ ಚೀಟಿ ಮುಟ್ಟಿಲ್ಲದಿರಬಹುದು, ಮುಟ್ಟಿದರೂ ಓದಲು ಬಾರದಿರಬಹುದು. ಅವರಿಗೆ ಮತ್ತೊಂದು ಚೀಟಿ ಕಳಿಸಿ ಪ್ರಯೋಜನವಿಲ್ಲ, ಫೋನ್ ಮಾಡಿ ಬಾಯಿಮಾತಿನಲ್ಲೇ ಹೇಳಬೇಕು. ಎರಡನೆಯವರಿಗೆ ಬೇರೆ ಹೊತ್ತು ಕೇಳಬೇಕು. ಒಂದು ವಾರದೊಳಗೆ ಈ ಕರೆಗಳು ಮುಗಿದಾಗಲೇ ‘ಎಲ್ಲ ಪೋಷಕರಿಗೂ ಆಹ್ವಾನ’ ಎಂದು ಬರೆದದ್ದು ನಿಜವಾಗುತ್ತದೆ.